ಹೆಬ್ಬೆಟ್ಟು ಒತ್ತಿದಾಗ ಬೀಳುವ ಗುಳಿ: ಒಂದು ಕಾಲೋ, ಎರಡೂ ಕಾಲೋ?

ಬಲಗಾಲಿನ ಚಪ್ಪಲಿ ಕಾಲಲ್ಲಿತ್ತು, ಎಡಗಾಲಿನದು ಕೈಯಲ್ಲಿ. 54 ವರ್ಷದ ಆ ಹೆಣ್ಣುಮಗಳು ಕ್ಲಿನಿಕ್ಕಿಗೆ ಬಂದದ್ದೇ ಹಾಗೆ. "ಪಟ್ಟಿಯೊಳಗೆ ಪಾದ ಹೋಗ್ತಿಲ್ಲ ಡಾಕ್ಟ್ರೇ, ಐದು ದಿನ ಆಯ್ತು. ಕಾಲಿಗೆ ಕಲ್ಲು ಕಟ್ಟಿದಂಗೆ ಭಾರ." ಮೂರು ವಾರದ ಹಿಂದೆ ಗರ್ಭಕೋಶ ತೆಗೆಸಿಕೊಂಡಿದ್ದರು. ಮನೆಯಲ್ಲಿ ಎಲ್ಲೋ ಕಾಲು ಉಳುಕಿರಬೇಕೆಂದು ಎರಡು ರಾತ್ರಿ ಎಣ್ಣೆ ಹಚ್ಚಿ ನೀವಿದ್ದರು. ಜೊತೆಗೆ ಬಂದ ಯಜಮಾನರು ಕುರ್ಚಿಯಲ್ಲಿ ಕೂತವರೇ ಪಂಚೆ ಸ್ವಲ್ಪ ಮೇಲೆತ್ತಿ, "ಇದೇನು ದೊಡ್ಡದಲ್ಲ ಬಿಡಿ, ನನಗೂ ಬಾವು ಬರುತ್ತೆ, ಎರಡೂ ಕಾಲಿಗೆ. ಸಂಜೆ ಆದ್ರೆ ಜಾಸ್ತಿ" ಅಂದರು.

ಇಬ್ಬರ ಕಾಲನ್ನೂ ಒತ್ತಿ ನೋಡಿದೆ. ಇಬ್ಬರಲ್ಲೂ ಗುಳಿ ಬಿತ್ತು. ಆದರೆ ಒಬ್ಬರನ್ನು ಅದೇ ಹೊತ್ತಿನಲ್ಲಿ ಸ್ಕ್ಯಾನಿಂಗಿಗೆ ಕಳಿಸಿದೆ, ಇನ್ನೊಬ್ಬರಿಗೆ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತಂದು ತೋರಿಸಿ ಎಂದೆ. ಈ ವ್ಯತ್ಯಾಸ ಯಾಕೆಂಬುದನ್ನು ಹೇಳುವುದಕ್ಕೇ ಈ ಬರಹ.

ಒತ್ತುವುದಕ್ಕೂ ಒಂದು ಕ್ರಮವಿದೆ. ಮೀನಖಂಡದ ಮೆತ್ತನೆಯ ಮಾಂಸವನ್ನು ಒತ್ತಿದರೆ ಏನೂ ತಿಳಿಯದು. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಚರ್ಮದಡಿಯೇ ಮೂಳೆ ಸಿಗುತ್ತದಲ್ಲ, ಅದರ ಮೇಲೆ, ಪಾದದ ಗಂಟಿಗಿಂತ ನಾಲ್ಕು ಬೆರಳು ಮೇಲಕ್ಕೆ, ಹೆಬ್ಬೆಟ್ಟನ್ನಿಟ್ಟು ಹತ್ತು ಹದಿನೈದು ಸೆಕೆಂಡ್ ನಿಧಾನವಾಗಿ ಒತ್ತಬೇಕು. ಬೆರಳು ತೆಗೆದ ಮೇಲೆ ಆ ಜಾಗವನ್ನು ಸವರಿ ನೋಡಿ. ಕಣ್ಣಿಗೆ ಕಾಣದ ಸಣ್ಣ ಗುಳಿ ಬೆರಳಿಗೆ ಸಿಗುತ್ತದೆ. ಆಮೇಲೆ ಇನ್ನೊಂದು ಕಾಲನ್ನೂ ಅದೇ ಜಾಗದಲ್ಲಿ ಒತ್ತಬೇಕು. ಬಹಳ ಜನ ಮರೆಯುವುದು ಇದನ್ನೇ.

ಗುಳಿ ಹೇಳುವುದು ಇಷ್ಟೇ: ಚರ್ಮದಡಿ ಜೀವಕೋಶಗಳ ನಡುವಿನ ಸಂದಿಯಲ್ಲಿ ನೀರು ನಿಂತಿದೆ. ಒತ್ತಿದಾಗ ಅದು ಪಕ್ಕಕ್ಕೆ ಸರಿಯುತ್ತದೆ, ಮರಳಿ ಬರಲು ಹೊತ್ತು ಹಿಡಿಯುತ್ತದೆ. ಆರೋಗ್ಯವಂತರಲ್ಲೂ ಕೂದಲೆಳೆಯಂಥ ರಕ್ತನಾಳಗಳಿಂದ ನೀರು ಸದಾ ಹೊರಗೆ ಜಿನುಗುತ್ತಿರುತ್ತದೆ. ಒಳಗಿನ ರಕ್ತದ ಒತ್ತಡ ಅದನ್ನು ಹೊರಕ್ಕೆ ತಳ್ಳುತ್ತದೆ, ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು ನೀರನ್ನು ಒಳಗೇ ಹಿಡಿದಿಡಲು ಜಗ್ಗುತ್ತದೆ. ಈ ಎಳೆದಾಟವನ್ನು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲೇ ವಿವರಿಸಿದ್ದ. ಹೊರಗೆ ಉಳಿದುಹೋದ ನೀರನ್ನು ದುಗ್ಧನಾಳಗಳು ಬಾಚಿಕೊಂಡು ಮತ್ತೆ ರಕ್ತಕ್ಕೆ ಸೇರಿಸುತ್ತವೆ.

ಇದನ್ನು ಕೆರೆ ಕಾಲುವೆಯ ಲೆಕ್ಕದಲ್ಲಿ ನೋಡಬಹುದು. ಒಂದೇ ಗದ್ದೆಯಲ್ಲಿ ನೀರು ನಿಂತಿದ್ದರೆ ರೈತ ಆ ಗದ್ದೆಯ ಬಸಿಗಾಲುವೆ ಎಲ್ಲಿ ಕಟ್ಟಿಕೊಂಡಿದೆ ಎಂದು ಹುಡುಕಿಕೊಂಡು ಹೋಗುತ್ತಾನೆ. ತಗ್ಗಿನ ಗದ್ದೆಗಳೆಲ್ಲ ಒಟ್ಟಿಗೆ ಜೌಗಾದರೆ ಕೆರೆಯ ಕಡೆ ನಡೆಯುತ್ತಾನೆ. ಒಂದೇ ಕಾಲು ಊದಿದರೆ ತೊಂದರೆ ಬಹುತೇಕ ಆ ಕಾಲಿನಲ್ಲೋ, ಅದರ ರಕ್ತ ಮೇಲಕ್ಕೆ ಹೋಗುವ ದಾರಿಯಲ್ಲೋ ಇರುತ್ತದೆ. ಎರಡೂ ಊದಿದರೆ ಹೃದಯ, ಮೂತ್ರಪಿಂಡ, ಯಕೃತ್ತು, ಇಲ್ಲವೇ ನುಂಗುತ್ತಿರುವ ಔಷಧದ ಮೇಲೆ ಕಣ್ಣಿಡಬೇಕು.

ಆ ಅಮ್ಮನ ಕಾಲಿಗೆ ಬರೋಣ. ನನ್ನ ಮೇಜಿನ ಡ್ರಾಯರಿನಲ್ಲಿ ದರ್ಜಿಗಳ ಅಳತೆಪಟ್ಟಿ ಇರುತ್ತದೆ. ಮಂಡಿಚಿಪ್ಪಿನ ಕೆಳಗೆ ಮೂಳೆ ಉಬ್ಬಿಕೊಂಡಿರುವ ಜಾಗದಿಂದ 10 ಸೆಂಟಿಮೀಟರ್ ಕೆಳಗೆ ಪೆನ್ನಿನಲ್ಲಿ ಗುರುತು ಹಾಕಿ, ಸುತ್ತಳತೆ ತೆಗೆದೆ. ಬಲಗಾಲು 34, ಎಡಗಾಲು 38. ಮೂರು ಸೆಂಟಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಲೆಕ್ಕಕ್ಕೆ ಬರುತ್ತದೆ. ವೈದ್ಯರು ಬಳಸುವ 'ವೆಲ್ಸ್ ಸ್ಕೋರ್' ಎಂಬ ಅಂಕಪಟ್ಟಿಯಲ್ಲಿ ಅದಕ್ಕೆ ಒಂದು ಅಂಕ. ಗುಳಿ ಆ ಕಾಲಿಗಷ್ಟೇ ಬಿದ್ದರೆ ಇನ್ನೊಂದು. ಮೀನಖಂಡದ ಒಳಭಾಗದಲ್ಲಿ ದೊಡ್ಡ ರಕ್ತನಾಳದ ಗುಂಟ ಒತ್ತಿದಾಗ ನೋವಾದರೆ ಮತ್ತೊಂದು. ಅವರು ಅಲ್ಲಿ ಮುಟ್ಟಿದಾಗ ಹಲ್ಲು ಕಚ್ಚಿದರು. ಕಳೆದ 12 ವಾರಗಳಲ್ಲಿ ದೊಡ್ಡ ಆಪರೇಷನ್ ಆಗಿದ್ದರೆ ಮಗದೊಂದು. ಒಟ್ಟು ನಾಲ್ಕು. ಬಾವಿಗೆ ಅಷ್ಟೇ ಸರಿಹೊಂದುವ ಬೇರೆ ಕಾರಣ ಕಂಡರೆ ಎರಡು ಅಂಕ ಕಳೆಯಬೇಕು. ಉಳುಕಿತ್ತೇ ಎಂದು ಕೇಳಿದರೆ, ಕಾಲು ಮಡಚಿ ಬಿದ್ದದ್ದಾಗಲಿ ಎಡವಿದ್ದಾಗಲಿ ಅವರಿಗೆ ನೆನಪೇ ಇರಲಿಲ್ಲ. ಎರಡು ಅಂಕ ಬಂದರೇ ಅನುಮಾನ ಗಟ್ಟಿ ಎನ್ನುತ್ತದೆ ಆ ಪಟ್ಟಿ.

ಅನುಮಾನ ಯಾವುದರದ್ದೆಂದರೆ, ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದರದ್ದು. ಜನ ಇದನ್ನು "ನರದಲ್ಲಿ ಬ್ಲಾಕ್" ಎನ್ನುತ್ತಾರೆ. ಆಪರೇಷನ್ನಿನ ನಂತರ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ನಡೆದಾಡದೆ ಮಲಗಿದ್ದರೆ ರಕ್ತವನ್ನು ಮೇಲಕ್ಕೆ ಹಿಂಡುವ ಮೀನಖಂಡದ ಸ್ನಾಯುವಿಗೂ ಕೆಲಸವಿಲ್ಲ. ಎಡಗಾಲಿಗೆ ಇದು ಹೆಚ್ಚಾಗಿ ಬರುವುದಕ್ಕೂ ಕಾರಣವಿದೆ: ಕಿಬ್ಬೊಟ್ಟೆಯಲ್ಲಿ ಎಡಗಾಲಿನ ರಕ್ತ ಹೊತ್ತು ತರುವ ನಾಳದ ಮೇಲೆ ಬಲಗಾಲಿಗೆ ಹೋಗುವ ಶುದ್ಧರಕ್ತದ ನಾಳ ಅಡ್ಡ ಹಾಯುತ್ತದೆ, ಕೆಲವರಲ್ಲಿ ಅದನ್ನು ಅದುಮಿಯೇ ಇಡುತ್ತದೆ.

ಸ್ಕ್ಯಾನಿಂಗಿನಲ್ಲಿ ಮಾಡುವುದೂ ಒಂದು ಬಗೆಯ ಒತ್ತಿ ನೋಡುವಿಕೆಯೇ. ತೊಡೆಸಂದಿಯಿಂದ ಮೊಣಕಾಲಿನ ಹಿಂಭಾಗದವರೆಗೆ ತಡೆತಡೆದು ಉಪಕರಣವನ್ನು ಒತ್ತುತ್ತಾ ಬರುತ್ತಾರೆ. ಚೆನ್ನಾಗಿರುವ ನಾಳ ಒತ್ತಿದ ಕೂಡಲೇ ತೆರೆಯ ಮೇಲೆ ಬಾಯಿ ಮುಚ್ಚಿದಂತೆ ಚಪ್ಪಟೆಯಾಗುತ್ತದೆ. ಹೆಪ್ಪು ತುಂಬಿದ ನಾಳ ಮುಚ್ಚುವುದಿಲ್ಲ. ಅವರ ಎಡತೊಡೆಯ ನಾಳ ಎಷ್ಟು ಒತ್ತಿದರೂ ಮುಚ್ಚಲಿಲ್ಲ. ಅದೇ ಸಂಜೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಶುರುವಾಯಿತು. ಈ ಔಷಧ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ. ಕರಗಿಸುವ ಕೆಲಸವನ್ನು ಮೈಯೇ ನಿಧಾನಕ್ಕೆ ಮಾಡಿಕೊಳ್ಳುತ್ತದೆ. ಅದಕ್ಕೇ ಕನಿಷ್ಠ ಮೂರು ತಿಂಗಳ ಮಾತ್ರೆ. ಹೆದರಿಕೆ ಇರುವುದು ಹೆಪ್ಪಿನ ತುಂಡೊಂದು ಕಳಚಿ ಹೃದಯದ ಮೂಲಕ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದರ ಬಗ್ಗೆ. ಹಠಾತ್ತನೆ ಏದುಸಿರು, ಉಸಿರೆಳೆದಾಗ ಎದೆಯಲ್ಲಿ ಚುಚ್ಚು, ಕೆಮ್ಮಿನಲ್ಲಿ ರಕ್ತ, ಕಣ್ಣು ಕತ್ತಲೆ ಬರುವುದು ಅದರ ಲಕ್ಷಣ. ಆಗ ಕ್ಲಿನಿಕ್ಕಿನ ಮಾತಲ್ಲ, ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಓಡಬೇಕು. ನೀವುವುದು ಬೇಡ ಎನ್ನುವುದೂ ಇದಕ್ಕೇ. ಉಳುಕಿದ್ದು ಖಚಿತವಾಗದ, ಒಂದೇ ಕಡೆ ಊದಿದ ಕಾಲಿಗೆ ಎಣ್ಣೆ ತಿಕ್ಕುವವರನ್ನು ಕಂಡರೆ ನನಗೆ ಈಗಲೂ ಎದೆ ಡವಗುಟ್ಟುತ್ತದೆ.

ಒಂದು ಕಾಲಿನ ಬಾವೆಲ್ಲ ಹೆಪ್ಪೇ ಆಗಿರಬೇಕಿಲ್ಲ. ಚರ್ಮ ಕೆಂಪಾಗಿ ಬಿಸಿಯಾಗಿ ಜ್ವರವೂ ಇದ್ದರೆ ಸೋಂಕು. ಕಾಲ್ಬೆರಳ ಸಂದಿಯ ಒಡಕೊಂದು ಅದಕ್ಕೆ ಸಾಕು. ವರ್ಷಗಟ್ಟಲೆ ಉಬ್ಬಿದ ನರಗಳಿದ್ದು, ಗಂಟಿನ ಸುತ್ತ ಚರ್ಮ ಕಂದಿದ್ದರೆ ನಾಳದೊಳಗಿನ ಕವಾಟಗಳು ಸೋತಿವೆ ಎಂದರ್ಥ. ಕಲಬುರಗಿ, ಬೀದರ್, ಯಾದಗಿರಿಯ ಕಡೆಯವರಾದರೆ ಆನೆಕಾಲನ್ನು ಮರೆಯುವಂತಿಲ್ಲ. ಅದು ಮೊದಮೊದಲು ಗುಳಿ ಬೀಳುವ ಬಾವಾಗಿಯೇ ಇರುತ್ತದೆ, ರಾತ್ರಿ ಕಾಲೆತ್ತಿ ಮಲಗಿದರೆ ಇಳಿಯುತ್ತದೆ. ಚರ್ಮ ದಪ್ಪಗಾಗುತ್ತ ಬಂದಂತೆ ಗುಳಿ ಬೀಳುವುದು ನಿಲ್ಲುತ್ತದೆ, ಎರಡನೆಯ ಕಾಲ್ಬೆರಳ ಬುಡದ ಚರ್ಮವನ್ನು ಚಿವುಟಿ ಎತ್ತಲು ಆಗುವುದಿಲ್ಲ. ಇನ್ನೊಂದು ಎಚ್ಚರಿಕೆ: ನೋವಿಲ್ಲದೆ ವಾರಗಟ್ಟಲೆ ಹಿಗ್ಗುತ್ತಾ ಹೋಗುವ ಒಂದೇ ಕಾಲಿಗೆ ಕಾಲಿನಲ್ಲೇ ಕಾರಣ ಸಿಗದಿದ್ದರೆ ಕಿಬ್ಬೊಟ್ಟೆಯ ಸ್ಕ್ಯಾನ್ ಮಾಡಿಸಲೇಬೇಕು. ಅಲ್ಲಿನ ಗಡ್ಡೆಯೊಂದು ನಾಳವನ್ನು ಅದುಮುತ್ತಿರಬಹುದು.

ಈಗ ಯಜಮಾನರು. ಎರಡು ಕಾಲಿನ ಗುಳಿ ಕಂಡಾಗ ನಾನು ಕೇಳುವ ಮೊದಲ ಪ್ರಶ್ನೆ, "ರಾತ್ರಿ ಎಷ್ಟು ದಿಂಬು ಹಾಕ್ಕೋತೀರಿ?" ಮಟ್ಟಸ ಮಲಗಿದರೆ ಉಸಿರು ಕಟ್ಟುತ್ತದೆ, ಕೂತರೆ ಸರಿಹೋಗುತ್ತದೆ ಎಂದರೆ ಹೃದಯದ ಅನುಮಾನ. ಅರ್ಧ ಒರಗಿ ಕೂರಿಸಿದಾಗ ಕುತ್ತಿಗೆಯ ನರ ಉಬ್ಬಿ ಕಾಣುತ್ತದೆಯೇ ಎಂದೂ ನೋಡುತ್ತೇನೆ. ಬೆಳಿಗ್ಗೆ ಎದ್ದಾಗ ಕಣ್ಣ ಸುತ್ತ ಊದಿ, ಮೂತ್ರದಲ್ಲಿ ನೊರೆ ನಿಂತರೆ ಮೂತ್ರಪಿಂಡದ ಕಡೆ ತಿರುಗಬೇಕು: ಆಲ್ಬುಮಿನ್ ಅಲ್ಲಿಂದ ಸೋರಿಹೋಗುತ್ತಿರಬಹುದು. ಕಾಲಿಗಿಂತ ಮೊದಲು ಹೊಟ್ಟೆ ತುಂಬಿಕೊಂಡಿದ್ದರೆ, ಕುಡಿತದ ಚರಿತ್ರೆಯಿದ್ದರೆ, ಯಕೃತ್ತು. ಗುಳಿ ಮಾಯವಾಗುವ ವೇಗದಿಂದಲೂ ಒಂದು ಸುಳಿವು ಸಿಗುತ್ತದೆ. ಬಾವು ಹೊಸದಾಗಿದ್ದು 40 ಸೆಕೆಂಡಿನೊಳಗೆ ಗುಳಿ ತುಂಬಿಕೊಂಡರೆ ಆಲ್ಬುಮಿನ್ ಕಡಿಮೆಯಾಗಿರುವ ಸಂಭವ ಹೆಚ್ಚು. ನಿಧಾನವಾಗಿ ತುಂಬಿದರೆ ನಾಳದೊಳಗಿನ ಒತ್ತಡ ಹೆಚ್ಚಿರುವ ಸಂಭವ. ಇದು ಸುಳಿವೇ ಹೊರತು ತೀರ್ಪಲ್ಲ.

ಇಡೀ ಮೈಯ ಬಾವಿನಲ್ಲಿ ಹಲವು ಲೀಟರ್ ನೀರು ಸೇರಿದ ಮೇಲಷ್ಟೇ ಗುಳಿ ಬೀಳುತ್ತದೆ. ಹಾಗಾಗಿ ಹೃದಯದ ತೊಂದರೆ ಇರುವವರಿಗೆ ಕಾಲಿಗಿಂತ ಮೊದಲು ತೂಕದ ಯಂತ್ರವೇ ಸುದ್ದಿ ಕೊಡುತ್ತದೆ. ಹಾಸಿಗೆ ಹಿಡಿದವರಲ್ಲಿ ನೀರು ಕಾಲಿಗಿಳಿಯದೆ ಸೊಂಟದ ಹಿಂಭಾಗದಲ್ಲಿ ನಿಲ್ಲುತ್ತದೆ. ಅವರಿಗೆ ಅಲ್ಲೇ ಒತ್ತಿ ನೋಡಬೇಕು.

ಯಜಮಾನರಿಗೆ ಒಂದೇ ದಿಂಬು, ನೊರೆಯಿಲ್ಲ, ಕುತ್ತಿಗೆಯ ನರ ತಗ್ಗಿತ್ತು. ಮೂತ್ರದಲ್ಲಿ ಪ್ರೋಟೀನ್ ಇರಲಿಲ್ಲ, ರಕ್ತದ ಆಲ್ಬುಮಿನ್ 4.1 ಗ್ರಾಂ, 3.5ಕ್ಕಿಂತ ಕೆಳಗಿದ್ದರೆ ಕಡಿಮೆ ಎನ್ನುತ್ತೇವೆ. ಮರುದಿನ ಮಾತ್ರೆಯ ಚೀಲ ತಂದು ಮೇಜಿನ ಮೇಲೆ ಸುರಿದರು. ಎರಡು ತಿಂಗಳ ಹಿಂದೆ ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್ 5 ಮಿಲಿಗ್ರಾಮಿನಿಂದ 10ಕ್ಕೆ ಏರಿತ್ತು, ಬಾವು ಶುರುವಾದದ್ದೂ ಆಗಲೇ. ಮತ್ತೊಂದು ಕಡೆ ತೋರಿಸಿದಾಗ ಬಾವಿಗೆಂದು ನೀರು ಹೋಗುವ ಮಾತ್ರೆ ಸೇರಿಕೊಂಡಿತ್ತು. ಅದರಿಂದ ರಾತ್ರಿ ನಾಲ್ಕು ಸಲ ಏಳುವುದಾಯಿತು, ಮೀನಖಂಡ ಸೆಟೆಯುವುದಾಯಿತು, ಬಾವು ಮಾತ್ರ ಇಳಿಯಲಿಲ್ಲ. ಇಳಿಯುವುದೂ ಕಷ್ಟ. ಆಮ್ಲೋಡಿಪಿನ್ ರಕ್ತ ತರುವ ಸಣ್ಣ ನಾಳಗಳನ್ನು ಹಿಗ್ಗಿಸುತ್ತದೆ, ಹೊತ್ತೊಯ್ಯುವ ನಾಳಗಳನ್ನು ಅಷ್ಟು ಹಿಗ್ಗಿಸುವುದಿಲ್ಲ. ನಡುವಿನ ಕೂದಲೆಳೆ ನಾಳದಲ್ಲಿ ಒತ್ತಡ ಏರಿ ನೀರು ಹೊರಬೀಳುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿರುವುದಿಲ್ಲ, ಜಾಗ ಬದಲಾಗಿರುತ್ತದೆ. ಮೂತ್ರದಲ್ಲಿ ಹೊರಗೆ ಹಾಕಿ ಪ್ರಯೋಜನವೇನು? ಆಮ್ಲೋಡಿಪಿನ್ನನ್ನು 5ಕ್ಕೆ ಇಳಿಸಿ ಟೆಲ್ಮಿಸಾರ್ಟನ್ ಸೇರಿಸಿದೆ, ನೀರಿನ ಮಾತ್ರೆ ನಿಲ್ಲಿಸಿದೆ. ಬಿ.ಪಿ. ಮಾತ್ರೆಯನ್ನು ಯಾರೂ ತಾವಾಗಿಯೇ ಬಿಡಬಾರದು, ಇದನ್ನು ಓದಿ ಕೂಡ. ನೋವಿನ ಮಾತ್ರೆ, ಸ್ಟೀರಾಯ್ಡ್, ಸಕ್ಕರೆಗೆ ಕೊಡುವ ಪಯೋಗ್ಲಿಟಜೋನ್ ಕೂಡ ಎರಡೂ ಕಾಲಿಗೆ ಬಾವು ತರಬಲ್ಲವು.

ಒಂದು–ಎರಡರ ಈ ಲೆಕ್ಕ ಕೆಲವೊಮ್ಮೆ ತಪ್ಪುತ್ತದೆ. ಹೆಪ್ಪು ಹೊಟ್ಟೆಯೊಳಗಿನ ದೊಡ್ಡ ನಾಳಕ್ಕೇ ಹಬ್ಬಿದರೆ ಎರಡೂ ಕಾಲು ಊದುತ್ತವೆ. ಹೃದ್ರೋಗಿಗೆ ಒಂದು ಕಾಲಿನಲ್ಲಿ ಹಳೆಯ ಉಬ್ಬುನರಗಳಿದ್ದರೆ, ಬೈಪಾಸ್ ಆಪರೇಷನ್ನಿಗೆ ಆ ಕಾಲಿನ ನಾಳ ತೆಗೆದಿದ್ದರೆ, ಬಾವು ಅದೇ ಕಾಲಿನಲ್ಲಿ ಎದ್ದು ಕಾಣುತ್ತದೆ. ಗರ್ಭಿಣಿಯರಿಗೆ ಸಂಜೆ ಎರಡೂ ಪಾದ ಊದುವುದು ಸಹಜವೇ. ಆದರೆ ಜೊತೆಗೆ ತಲೆನೋವು, ಕಣ್ಣು ಮಂಜು, ಬಿ.ಪಿ. ಏರಿಕೆ ಇದ್ದರೆ, ಅಥವಾ ಒಂದೇ ಕಾಲು ಊದಿದರೆ, ಸಹಜ ಎಂದು ಬಿಡುವಂತಿಲ್ಲ.

ಯಜಮಾನರ ಕಾಲು ಮೂರು ವಾರದಲ್ಲಿ ಸಣ್ಣಗಾಯಿತು. ಅಮ್ಮನದು ತಡವಾಯಿತು. ಮೂರು ತಿಂಗಳಾದ ಮೇಲೆ ಅದೇ ಪಟ್ಟಿಯಲ್ಲಿ ಅಳೆದಾಗ ಎಡಗಾಲು 35 ಇತ್ತು. ಸಂಜೆಯ ಭಾರ ಪೂರ್ತಿ ಹೋಗಿಲ್ಲ ಎಂದರು. ಆ ಸಲ ಎರಡೂ ಚಪ್ಪಲಿ ಕಾಲಲ್ಲೇ ಇದ್ದವು, ಎಡದ ಪಟ್ಟಿಗೆ ಮಾತ್ರ ಚಮ್ಮಾರರಿಂದ ಒಂದು ತೂತು ಹೆಚ್ಚಿಗೆ ಹಾಕಿಸಿದ್ದರು.