ಯಂತ್ರವಾಚಕರ ಕನ್ನಡವೂ ಓಷ್ಠ್ಯವರ್ಣಗಳೂ

ಕೃತಕಬುದ್ಧಿಯಿಂದ ನಿರ್ಮಿಸಿದ ವಾಚಕಿಯೊಬ್ಬಳನ್ನು ಪವರ್ ಟಿ.ವಿ. ಎಂಬ ಕನ್ನಡ ವಾಹಿನಿಯು ‘ಸೌಂದರ್ಯ’ ಎಂಬ ಹೆಸರಿನಿಂದ ತೆರೆಗೆ ತಂದುದು 2023ನೆಯ ಇಸವಿಯ ಜುಲೈ ತಿಂಗಳಲ್ಲಿ. ಮರುವರ್ಷ ಮೇ 26ರಂದು ಡಿ.ಡಿ. ಕಿಸಾನ್ ವಾಹಿನಿಯು ಐವತ್ತು ಭಾಷೆಗಳಲ್ಲಿ ನುಡಿಯಬಲ್ಲವರೆಂದು ಇಬ್ಬರು ಯಂತ್ರವಾಚಕರನ್ನು ಮುಂದಿಟ್ಟಿತು. ಇಂತಹ ವಾಚಕರು ಕನ್ನಡವನ್ನು ಓದುವಾಗ ಎರಡು ಬಗೆಯ ದೋಷಗಳು ತಲೆದೋರುವುವು. ಒಂದು ಕಿವಿಗೆ ತಿಳಿಯುವ ದೋಷ, ಎಂದರೆ ಅಪೋಚ್ಚಾರಣೆ. ಇನ್ನೊಂದು ಕಣ್ಣಿಗೆ ತಿಳಿಯುವ ದೋಷ, ಎಂದರೆ ಧ್ವನಿಗೂ ತುಟಿಯ ಚಲನೆಗೂ ಹೊಂದಿಕೆ ತಪ್ಪುವುದು. ಎರಡನೆಯದನ್ನು ಆ ಕಸುಬಿನವರು ಲಿಪ್ ಸಿಂಕ್ ದೋಷವೆನ್ನುವರು. ಇವೆರಡೂ ಯಂತ್ರಶಿಲ್ಪಿಗಳ ಪಾಲಿನವು, ಬರೆಯುವವನಿಗೆ ಸಂಬಂಧಿಸಿದವಲ್ಲ ಎಂಬ ಭಾವನೆ ಸಾಮಾನ್ಯವಾಗಿದೆ. ಅದು ಅರ್ಧ ಮಾತ್ರ ಸತ್ಯ. ವಾಚಕನ ಮುಂದಿಡುವ ಪಾಠದ ಶಬ್ದಗಳನ್ನು ಬದಲಾಯಿಸಿದ ಮಾತ್ರಕ್ಕೆ ಈ ದೋಷಗಳಲ್ಲಿ ಹಲವು ಕಡಮೆಯಾಗುವುವು. ಕೆಲವು ಮಾತ್ರ ಏನು ಮಾಡಿದರೂ ಉಳಿಯುವುವು.

ವರ್ಣಗಳ ಸ್ಥಾನವನ್ನು ಹೇಳುವ ಶಿಕ್ಷಾಶಾಸ್ತ್ರವೇ ಇಲ್ಲಿ ಒಳ್ಳೆಯ ದಾರಿದೀಪ. ಕಂಠ, ತಾಲು, ಮೂರ್ಧ, ದಂತ ಈ ಸ್ಥಾನಗಳಲ್ಲಿ ಹುಟ್ಟುವ ವರ್ಣಗಳು ಬಾಯ ಒಳಗೆ ನಡೆಯತಕ್ಕವು. ಆದುದರಿಂದ ಲಕಾರಕ್ಕೆ ಬದಲಾಗಿ ಳಕಾರವನ್ನೋ ಣಕಾರಕ್ಕೆ ಬದಲಾಗಿ ನಕಾರವನ್ನೋ ಯಂತ್ರವು ನುಡಿದರೆ ಕಿವಿ ನೋಯುವುದೇ ಹೊರತು ಕಣ್ಣಿಗೆ ಏನೂ ಗೋಚರಿಸದು. ಕಣ್ಣು ಕಾವಲಿರುವುದು ಓಷ್ಠಸ್ಥಾನದ ವರ್ಣಗಳಿಗೆ. ಪವರ್ಗದ ಐದು ಅಕ್ಷರಗಳಲ್ಲಿ ತುಟಿಗಳೆರಡೂ ಮುಚ್ಚಲೇಬೇಕು. ವಕಾರದಲ್ಲಿ ಕೆಳದುಟಿ ಮೇಲ್ಹಲ್ಲಿನ ಹತ್ತಿರಕ್ಕೆ ಹೋಗಬೇಕು. ಉ, ಊ, ಒ, ಓ, ಔ ಇವುಗಳಲ್ಲಿ ತುಟಿ ದುಂಡಾಗಬೇಕು. ಪ, ಬ, ಮ ಇವುಗಳ ಭೇದವನ್ನು ತುಟಿ ನೋಡಿ ತಿಳಿಯಲಾಗದೆಂಬುದು ನಿಜ. ಆದರೆ ತುಟಿ ಮುಚ್ಚಿತೋ ಇಲ್ಲವೋ ಎಂಬುದು ಮಗುವಿಗೂ ತಿಳಿಯುವುದು.

ಯಂತ್ರದ ಕ್ರಮವನ್ನು ಸ್ವಲ್ಪ ತಿಳಿಯುವುದು ಅವಶ್ಯಕ. ಮೊದಲು ಬರಹದ ಅಂಕಿಗಳೂ ಸಂಕ್ಷೇಪಗಳೂ ಶಬ್ದಗಳಾಗಿ ಬಿಡಿಸಲ್ಪಡುವುವು. ಆಮೇಲೆ ಶಬ್ದಗಳು ಧ್ವನಿಯಾಗುವುವು. ಕಡೆಗೆ ಆ ಧ್ವನಿಗೆ ತಕ್ಕ ಬಾಯಿಯ ಚಿತ್ರವನ್ನು ಮತ್ತೊಂದು ಯಂತ್ರಭಾಗವು ಬರೆಯುವುದು. ಈ ಮೂರನೆಯ ಭಾಗವು ಬಹುಮಟ್ಟಿಗೆ ಅಕ್ಷರವನ್ನು ನೋಡುವುದೇ ಇಲ್ಲ, ಧ್ವನಿಯನ್ನು ಮಾತ್ರ ಕೇಳುವುದು. ಹೈದರಾಬಾದಿನ ಐ.ಐ.ಐ.ಟಿ.ಯ ವಿದ್ವಾಂಸರು ಬಾತ್ ವಿಶ್ವವಿದ್ಯಾಲಯದವರೊಡಗೂಡಿ 2020ರಲ್ಲಿ ಪ್ರಕಟಿಸಿದ Wav2Lip ಎಂಬ ಪ್ರಸಿದ್ಧ ಯಂತ್ರವಿಧಾನವನ್ನೇ ನೋಡಬಹುದು. ಅದರಲ್ಲಿ ಸೆಕೆಂಡಿಗೆ 25 ಬಿಡಿಚಿತ್ರಗಳು. ಒಂದೊಂದು ಚಿತ್ರದ ಆಯುಷ್ಯ ಸೆಕೆಂಡಿನ ಸಾವಿರದಲ್ಲಿ 40 ಭಾಗ. ಒಂದು ಚಿತ್ರದ ತುಟಿಯನ್ನು ತೀರ್ಮಾನಿಸಲು ಆ ಯಂತ್ರವು ಸುಮಾರು ಸೆಕೆಂಡಿನ ಐದನೆಯ ಒಂದು ಭಾಗದ ಧ್ವನಿಯನ್ನು ಆಲಿಸುವುದು. ಅದು ಪಾಠ ಕಲಿತುದು ಬಿ.ಬಿ.ಸಿ.ಯ ದೂರದರ್ಶನದ ಇಂಗ್ಲಿಷ್ ಭಾಷಣಗಳಿಂದ.

ಕನ್ನಡದ ತೊಡಕು ಹುಟ್ಟುವುದು ಇಲ್ಲಿಯೇ. ಕನ್ನಡದಲ್ಲಿ ಒತ್ತಕ್ಷರವು ಅರ್ಥಭೇದಕ. ಇಂಗ್ಲಿಷಿನ ಪದದ ನಡುವೆ ಅಂತಹ ದ್ವಿತ್ವವಿಲ್ಲ. ‘ಹ್ಯಾಪಿ’ ಎಂಬ ಶಬ್ದದ ಬರಹದಲ್ಲಿ ಪಕಾರ ಎರಡಿದ್ದರೂ ನುಡಿಯುವಾಗ ಒಂದೇ. ಕನ್ನಡದ ‘ತಪ್ಪು’, ‘ಒಪ್ಪಿಗೆ’ ಎಂಬಲ್ಲಿ ತುಟಿಗಳು ಒಂಟಿ ಪಕಾರದ ಸುಮಾರು ಇಮ್ಮಡಿ ಹೊತ್ತು ಮುಚ್ಚಿಕೊಂಡಿರುವುವು. ಆ ಹೊತ್ತಿನಲ್ಲಿ ಕೇಳಿಬರುವ ಧ್ವನಿಯಾದರೂ ಏನು? ಏನೂ ಇಲ್ಲ. ಪಕಾರವು ಅಘೋಷವಾದುದರಿಂದ ತುಟಿ ಮುಚ್ಚಿದಷ್ಟು ಕಾಲವೂ ಮೌನವೇ. ‘ಪ್ಪ’, ‘ತ್ತ’, ‘ಕ್ಕ’ ಮೂರರ ನಡುವಿನ ಮೌನವೂ ಒಂದೇ ಬಗೆಯದು. ಭೇದವೆಲ್ಲ ಹಿಂದಣ ಸ್ವರ ಮುಗಿಯುವ ರೀತಿಯಲ್ಲಿಯೂ ಮುಂದಣ ಸ್ಫೋಟದಲ್ಲಿಯೂ ಅಡಗಿರುವುದು. ಮೌನ ದೀರ್ಘವಾದಷ್ಟೂ ಈ ಎರಡು ಸುಳಿವುಗಳು ಪರಸ್ಪರ ದೂರವಾಗಿ, ಆ ಕಿರಿದಾದ ಧ್ವನಿಖಂಡದೊಳಗೆ ಒಟ್ಟಿಗೆ ಸಿಕ್ಕದೆ ಹೋಗುವುವು. ಆಗ ಯಂತ್ರವು ಮುಚ್ಚಿರಬೇಕಾದ ತುಟಿಯನ್ನು ಬೇಗ ತೆರೆಯುವುದು, ಇಲ್ಲವೆ ‘ಮಕ್ಕಳು’ ಎಂಬಲ್ಲಿನ ಕಂಠ್ಯದ ಮೌನವನ್ನು ಕಂಡು ಸುಮ್ಮನೆ ತುಟಿ ಮುಚ್ಚುವುದು. ‘ಮ್ಮ’ದಲ್ಲಿ ಇಷ್ಟು ಕಷ್ಟವಿಲ್ಲ, ಏಕೆಂದರೆ ಅಲ್ಲಿ ತುಟಿ ಮುಚ್ಚಿದ್ದರೂ ಮೂಗಿನ ನಾದ ಕೇಳುತ್ತಲೇ ಇರುವುದು. ‘ಅಮ್ಮ’ ಚೆನ್ನಾಗಿ ಕಂಡು ‘ಅಪ್ಪ’ ಕೆಡುವುದು ಈ ಕಾರಣದಿಂದಲೇ.

ಇದು ಕೇವಲ ಅಂದಗೇಡಲ್ಲ. ಕಣ್ಣಿನ ದೋಷವು ಕಿವಿಯ ದೋಷವಾಗಿ ಪರಿಣಮಿಸುವುದೆಂಬುದನ್ನು ಮೆಕ್‌ಗರ್ಕ್ ಮತ್ತು ಮೆಕ್‌ಡೊನಾಲ್ಡ್ ಎಂಬ ವಿದ್ವಾಂಸರು 1976ರಲ್ಲಿ ತೋರಿಸಿದರು. ಬಕಾರದ ಧ್ವನಿಯನ್ನು ಗಕಾರ ನುಡಿಯುವ ಬಾಯಿಯ ಚಿತ್ರದೊಡನೆ ಕೂಡಿಸಿ ತೋರಿಸಿದಾಗ ಬಹುಮಂದಿಗೆ ದಕಾರವನ್ನು ಹೋಲುವ ಧ್ವನಿ ಕೇಳಿಸಿತು. ಕನ್ನಡಕ್ಕೆ ಇದನ್ನು ಅನ್ವಯಿಸಿ ನೋಡಿದರೆ ಅಪಾಯ ಸ್ಪಷ್ಟವಾಗುವುದು. ‘ಬರ’ ಎಂಬುದರ ಬಕಾರದಲ್ಲಿ ತುಟಿ ಮುಚ್ಚದೆ ಹೋದರೆ ಅದು ‘ದರ’ವೆಂದು ಕೇಳಿಸುವ ಸಂಭವವುಂಟು. ಬರ ಏರಿತೆಂಬುದಕ್ಕೂ ದರ ಏರಿತೆಂಬುದಕ್ಕೂ ಎಷ್ಟು ಅಂತರ! ಇಲ್ಲಿ ಪಾಠ ಬರೆಯುವವನು ‘ಬರಗಾಲ’ ಎಂದು ಬರೆದರೆ ಸಾಕು. ತುಟಿ ತಪ್ಪಿದರೂ ‘ದರಗಾಲ’ವೆಂಬ ಶಬ್ದವಿಲ್ಲವಾದುದರಿಂದ ಕೇಳುವವನು ತಪ್ಪನು. ತುಟಿಯೊಂದರಿಂದಲೇ ಅರ್ಥ ನಿಲ್ಲಬೇಕಾದ ಗಿಡ್ಡ ಶಬ್ದಕ್ಕೆ ಉದ್ದನೆಯ ಜೊತೆಯೊಂದನ್ನು ಕೊಡುವುದು ಈ ವಿಷಯದಲ್ಲಿ ಮೊದಲನೆಯ ಉಪಾಯ.

ಎರಡನೆಯ ವಿಷಯ ಅನುಸ್ವಾರ. ಕನ್ನಡದ ಬಿಂದುವು ಮುಂದಿನ ವ್ಯಂಜನದ ವರ್ಗವನ್ನು ಅನುಸರಿಸುವುದು. ‘ಸಂಬಂಧ’ ಎಂಬ ಒಂದೇ ಶಬ್ದದಲ್ಲಿ ಮೊದಲನೆಯ ಬಿಂದು ಮಕಾರ, ಎರಡನೆಯದು ನಕಾರ. ಮೊದಲನೆಯದರಲ್ಲಿ ತುಟಿ ಮುಚ್ಚಬೇಕು, ಎರಡನೆಯದರಲ್ಲಿ ಕೂಡದು. ಬಿಂದುವೆಲ್ಲವನ್ನೂ ಮಕಾರವೆಂದು ಓದುವ ಯಂತ್ರವು ‘ಸಂಗೀತ’, ‘ಹಂತ’, ‘ಅಂಚೆ’ ಎಲ್ಲದರಲ್ಲಿಯೂ ತುಟಿಯನ್ನು ಬಿಗಿಯುವುದು. ಇದನ್ನು ಸರಿಪಡಿಸಲು ‘ಸಙ್ಗೀತ’ವೆಂದು ವರ್ಗಪಂಚಮಾಕ್ಷರವನ್ನೇ ಬರೆಯಬಾರದೇಕೆ ಎಂದು ವಿದ್ವಾಂಸರಿಗೆ ತೋರಬಹುದು. ಶಾಸ್ತ್ರಸಮ್ಮತವಾದರೂ ಇದು ಫಲಕಾರಿಯಾಗಲಾರದು. ಯಂತ್ರವು ಕಲಿಯುವುದು ಈಗಿನವರ ಬರಹದಿಂದ. ಆ ಬರಹದಲ್ಲಿ ಙಕಾರವು ಅತಿವಿರಳವಾಗಿರುವುದರಿಂದ ಯಂತ್ರ ಮತ್ತಷ್ಟು ತಡವರಿಸುವುದೇ ಹೆಚ್ಚು. ರೂಢಿಯ ಬರಹವನ್ನೇ ಇಟ್ಟು, ತಪ್ಪುವ ಶಬ್ದಕ್ಕೆ ಬದಲಿ ಶಬ್ದ ಹುಡುಕುವುದು ಮೇಲು.

ಫಕಾರದ ಅವಸ್ಥೆ ಇನ್ನೂ ವಿಚಿತ್ರ. ‘ಫಲಿತಾಂಶ’ದ ಫಕಾರ ಶುದ್ಧ ಓಷ್ಠ್ಯ ಮಹಾಪ್ರಾಣ, ‘ಆಫೀಸು’ ಎಂಬಲ್ಲಿಯದು ಹಲ್ಲು ತುಟಿಗಳಿಂದ ಹುಟ್ಟುವ ಪರಭಾಷೆಯ ಊಷ್ಮ. ಎರಡಕ್ಕೂ ಬಾಯಿಯ ಆಕಾರ ಬೇರೆ, ಅಕ್ಷರ ಮಾತ್ರ ಒಂದೇ. ಕೆಳಗೆ ಚುಕ್ಕೆಯಿಟ್ಟು ‘ಫ಼’ ಎಂದು ಬರೆಯುವ ಸೌಕರ್ಯ ಯೂನಿಕೋಡಿನಲ್ಲಿ ಇದ್ದರೂ ಬಳಕೆ ಬಹಳ ಕಡಮೆ. (ಅದೇ ಯೂನಿಕೋಡಿನಲ್ಲಿ ಹಳಗನ್ನಡದ ೞಕಾರಕ್ಕೆ KANNADA LETTER FA ಎಂಬ ಹೆಸರು ಬಿದ್ದಿದೆ, ತಪ್ಪೆಂದು ತಿಳಿದರೂ ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಪದ್ಧತಿ ಅಲ್ಲಿಲ್ಲವಾಗಿ ೞಕಾರವು ಆ ಹೆಸರನ್ನೇ ಹೊತ್ತಿದೆ.) ಪಾಠದಲ್ಲಿ ‘ಆಫೀಸು’ ಬಂದೆಡೆ ‘ಕಚೇರಿ’, ‘ಫೋನು’ ಬಂದೆಡೆ ‘ದೂರವಾಣಿ’ ಎಂದಿಟ್ಟರೆ ಎರಡು ಫಕಾರಗಳ ಗೊಂದಲವೇ ಉಳಿಯದು.

ಹೆಚ್ಚಿನ ತಪ್ಪುಗಳು ಅಂಕಿಗಳಿಂದ ಬರುವುವು. ವಾರ್ತೆಯ ರೀತಿಯಲ್ಲಿ ಕಲ್ಪಿಸಿದ ಒಂದು ವಾಕ್ಯವನ್ನು ಪರೀಕ್ಷಿಸಬಹುದು: “ಬರ ಪರಿಹಾರಕ್ಕೆ ಸಂಬಂಧಿಸಿದಂತೆ 2 ಜನ ರೈತರಿಗೆ ತಲಾ ರೂ. 1.5 ಲಕ್ಷ ಮಂಜೂರಾಗಿದ್ದು, ಉಳಿದವರು 25ರೊಳಗೆ ಅರ್ಜಿಸಲ್ಲಿಸತಕ್ಕದ್ದೆಂದು ಕಂದಾಯಾಧಿಕಾರಿಗಳು ತಿಳಿಸಿರುತ್ತಾರೆ.” ಮನುಷ್ಯನು ಇದನ್ನು ಓದುವಾಗ ತನ್ನಷ್ಟಕ್ಕೆ ತಾನೇ ತಿದ್ದಿಕೊಳ್ಳುವನು. ಯಂತ್ರವೋ ‘2 ಜನ’ ಎಂಬುದನ್ನು ‘ಎರಡು ಜನ’ ಎಂದೀತು. ಮನುಷ್ಯರನ್ನು ಎಣಿಸುವಾಗ ಒಬ್ಬ, ಇಬ್ಬರು, ಮೂವರು ಎಂಬ ಬೇರೆ ರೂಪಗಳು ಬರುವುದನ್ನು ಅಂಕಿ ತಿಳಿಸದು. ‘ರೂ.’ ಎಂಬುದರ ಚುಕ್ಕೆಯನ್ನು ವಾಕ್ಯಾಂತವೆಂದು ಬಗೆದು ನಿಂತರೆ, ಆ ಮೌನದಲ್ಲಿ ಬಾಯಿ ವಿಶ್ರಾಂತಿಯ ಆಕಾರಕ್ಕೆ ಬಂದು ಮತ್ತೆ ತೆರೆಯುವುದು. ‘1.5 ಲಕ್ಷ’ವು ‘ಒಂದು ಪಾಯಿಂಟ್ ಐದು ಲಕ್ಷ’ವಾಗುವುದು. ‘25ರೊಳಗೆ’ ಎಂಬುದು ಸಂಧಿಯಾಗದೆ ‘ಇಪ್ಪತ್ತೈದು ರೊಳಗೆ’ ಎಂದು ಒಡೆದರೆ, ಲೋಪವಾಗಬೇಕಾಗಿದ್ದ ಉಕಾರ ಉಳಿದು ತುಟಿ ವೃಥಾ ದುಂಡಗಾಗುವುದು. ಹೀಗೆ ಒಂದೇ ತಪ್ಪು ಕಿವಿಗೂ ಕಣ್ಣಿಗೂ ಗೋಚರವಾಗುವುದು.

ಅದನ್ನೇ ಹೀಗೆ ಬರೆಯಬಹುದು: “ಬರಗಾಲದ ಪರಿಹಾರವಾಗಿ ಇಬ್ಬರು ರೈತರಿಗೆ ತಲಾ ಒಂದೂವರೆ ಲಕ್ಷ ರೂಪಾಯಿ ಮಂಜೂರಾಗಿದೆ. ಉಳಿದ ರೈತರು ಈ ತಿಂಗಳ ಇಪ್ಪತ್ತೈದನೆಯ ತಾರೀಖಿನೊಳಗೆ ಅರ್ಜಿ ಸಲ್ಲಿಸಬೇಕು. ಹೀಗೆಂದು ಕಂದಾಯ ಇಲಾಖೆಯ ಅಧಿಕಾರಿಗಳು ತಿಳಿಸಿದ್ದಾರೆ.” ಅರ್ಥದಲ್ಲಿ ನಷ್ಟವಿಲ್ಲ. ಒಂದು ವಾಕ್ಯ ಮೂರಾದುದರಿಂದ ಯಂತ್ರವು ನಿಲ್ಲುವ ಎಡೆಗಳು ಬರೆದವನ ವಶಕ್ಕೆ ಬಂದುವು. ಬಾಯಿ ಮುಚ್ಚುವುದು ಅರ್ಥ ಮುಗಿದೆಡೆಯಲ್ಲಿಯೇ. ‘ಕಂದಾಯಾಧಿಕಾರಿ’ ಎಂಬ ಸವರ್ಣದೀರ್ಘಸಂಧಿಯನ್ನು ಬಿಡಿಸಿದುದೂ ವ್ಯಾಕರಣಕ್ಕೆ ವಿರೋಧವಲ್ಲ. ಸಂಧಿ ಸಮಾಸಗಳನ್ನು ಎಲ್ಲೆಡೆಯೂ ಒಡೆಯಬೇಕೆಂದು ಕೆಲವರು ಹೇಳುವುದುಂಟು, ಅದು ಅತಿರೇಕ. ‘ವಿದ್ಯಾಲಯ’ದಂತಹ ರೂಢ ಶಬ್ದವನ್ನು ಒಡೆದರೆ ಯಂತ್ರವು ನಡುವೆ ತಡೆದು ಹೊಸ ತಪ್ಪನ್ನೇ ಮಾಡುವುದು.

ದೋಷವು ಪಾಠದ್ದೋ ಯಂತ್ರದ್ದೋ ಎಂದು ನಿರ್ಣಯಿಸಲು ಚಿತ್ರವನ್ನು ಮೊದಲು ಕಣ್ಣು ಮುಚ್ಚಿ ಕೇಳಬೇಕು, ಅನಂತರ ಧ್ವನಿಯನ್ನು ನಿಲ್ಲಿಸಿ ನೋಡಬೇಕು, ಆಮೇಲೆ ಪ, ಬ, ಮ ಬರುವೆಡೆಗಳಲ್ಲಿ ಒಂದೊಂದೇ ಬಿಡಿಚಿತ್ರವನ್ನು ಸರಿಸಬೇಕು. ಕೇಳುವಾಗಲೇ ಕೆಟ್ಟುದು ಪಾಠವನ್ನು ತಿದ್ದಿದರೆ ಬಹುಶಃ ಸರಿಹೋಗುವುದು. ಧ್ವನಿ ಶುದ್ಧವಾಗಿದ್ದು ಕೆಲವು ಶಬ್ದಗಳಲ್ಲಿ ಮಾತ್ರ ತುಟಿ ತಪ್ಪಿದರೆ, ಮೇಲೆ ಹೇಳಿದ ಒತ್ತಕ್ಷರದ ತೊಡಕಿರಬಹುದು. ಶಬ್ದವನ್ನು ಬದಲಿಸಿ ನೋಡಬಹುದು. ಆರಂಭದಿಂದ ಕೊನೆಯವರೆಗೆ ಒಂದೇ ಪ್ರಮಾಣದಲ್ಲಿ ತುಟಿ ಹಿಂದೆಯೋ ಮುಂದೆಯೋ ಇದ್ದರೆ, ಅಥವಾ ಅಂತರವು ಬರಬರುತ್ತ ಬೆಳೆದರೆ, ಅದು ಧ್ವನಿ ಚಿತ್ರಗಳ ಕಾಲಮಾನದ ದೋಷ; ಶಬ್ದವನ್ನು ಎಷ್ಟು ತಿದ್ದಿದರೂ ಹೋಗದು. ಅಂತರರಾಷ್ಟ್ರೀಯ ದೂರಸಂಪರ್ಕ ಸಂಘದವರ 1998ರ ಶಿಫಾರಸಿನಂತೆ, ಧ್ವನಿಯು ಚಿತ್ರಕ್ಕಿಂತ ಸೆಕೆಂಡಿನ ಸಾವಿರದಲ್ಲಿ ಸುಮಾರು 45 ಭಾಗ ಮುಂದಾದರೆ, ಇಲ್ಲವೆ 125 ಭಾಗ ಹಿಂದಾದರೆ ನೋಡುವವರಿಗೆ ತಿಳಿಯುವುದು. ಸಿಡಿಲನ್ನು ಕಂಡ ಬಳಿಕ ಗುಡುಗನ್ನು ಕೇಳಿ ಪಳಗಿದ ಮನುಷ್ಯನು ತಡವಾದ ಧ್ವನಿಯನ್ನು ಹೆಚ್ಚು ಸಹಿಸುವುದು ಸಹಜವೇ.

ಯಂತ್ರಕ್ಕಾಗಿ ತಿದ್ದಿದ ಪಾಠವನ್ನು ತೆರೆಯ ಕೆಳಗೆ ಅಚ್ಚಿಸುವ ಪಾಠದಿಂದ ಬೇರೆಯಾಗಿ ಇಡುವುದು ಅವಶ್ಯಕ. ‘ಬ್ರಹ್ಮ’ದಲ್ಲಿ ಜನರ ಬಾಯಲ್ಲಿ ಮಕಾರವು ಹಕಾರಕ್ಕಿಂತ ಮೊದಲು ಬರುವುದರಿಂದ ಯಂತ್ರದ ಪಾಠದಲ್ಲಿ ‘ಬ್ರಮ್ಹ’ ಎಂದು ಬರೆಯುವವರಿದ್ದಾರೆ. ಕಿವಿಗೆ ಅದು ಒಪ್ಪಬಹುದು. ಅದೇ ಅಕ್ಷರಗಳು ತೆರೆಯ ಮೇಲೆ ಮೂಡಿ ವಿದ್ಯಾರ್ಥಿಗಳ ಕಣ್ಣಿಗೆ ಬಿದ್ದರೆ ಮರುದಿನ ಉತ್ತರಪತ್ರಿಕೆಯಲ್ಲಿ ಅವು ಉಪಾಧ್ಯಾಯರೆದುರಿಗೆ ಬಂದು ನಿಲ್ಲುವುವು. ಅಂಕಿಗಳ ಸ್ಥಿತಿ ಇದಕ್ಕೆ ವಿಪರೀತ: ಕಣ್ಣಿಗೆ ‘ರೂ. 1.5 ಲಕ್ಷ’ವೇ ಸುಲಭ, ಕಿವಿಗೆ ‘ಒಂದೂವರೆ ಲಕ್ಷ ರೂಪಾಯಿ’.