ಮದುಮಗಳು ಕಾಣದ ಮದುವೆ

ಮದುವೆಯ ದಿನ ಮದುವೆಯನ್ನು ಎಲ್ಲರಿಗಿಂತ ಕಡಿಮೆ ನೋಡುವವರು ಮದುಮಕ್ಕಳೇ. ಹಸೆಮಣೆಯ ಮೇಲೆ ಕೂತವಳ ಹಣೆಗೆ ಬಾಸಿಂಗ, ಎದುರಿಗೆ ಹೋಮದ ಹೊಗೆ, ಪಕ್ಕದಲ್ಲಿ ‘ಅಕ್ಷತೆ ತಗೊಳ್ಳಮ್ಮ, ಈಗ ನೀರು ಬಿಡಮ್ಮ’ ಎನ್ನುವ ಪುರೋಹಿತರು. ಸಂಜೆ ಆರತಕ್ಷತೆಗೆ ನಿಂತರೆ ವಿಡಿಯೋದವರ ದೀಪ ಕಣ್ಣಿಗೇ ಹೊಡೆಯುತ್ತಿರುತ್ತದೆ. ಹಿಂದಿನ ಸಾಲಿನಲ್ಲಿ ಯಾರು ಯಾರ ಕೈ ಹಿಡಿದು ಕೂತಿದ್ದರು, ಕೊನೆಯ ಪಂಕ್ತಿಗೆ ಯಾರು ಬಡಿಸಿದರು ಎಂಬುದು ಅವಳಿಗೆ ತಿಳಿಯುವುದೇ ಇಲ್ಲ. ಫೋಟೋದವರೂ ಅವಳ ಸುತ್ತಲೇ ಇರುತ್ತಾರೆ, ಆಲ್ಬಂ ಬಂದ ಮೇಲೂ ಆ ಭಾಗ ಖಾಲಿಯೇ.

ಮದುವೆಗೆ ಹೋಗಿ ಬಂದವರು ಗೆಳತಿಗೆ ಬರೆಯುವ ಕೃತಜ್ಞತೆಯ ಕಾಗದಕ್ಕೆ ನಿಜವಾದ ಕೆಲಸ ಇರುವುದು ಇಲ್ಲಿ. ‘ಮದುವೆ ತುಂಬ ಚೆನ್ನಾಗಿ ಆಯಿತು, ಊಟ ಬಹಳ ರುಚಿಯಾಗಿತ್ತು, ನಿಮ್ಮ ಜೋಡಿ ಚೆನ್ನಾಗಿದೆ’ ಎಂದು ಮಂಟಪದಿಂದ ಇಳಿಯುವಾಗಲೇ ನೂರಾರು ಜನ ಹೇಳಿರುತ್ತಾರೆ. ಅದನ್ನೇ ಮತ್ತೆ ಬರೆದರೆ ಓದುವವಳಿಗೆ ಹೊಸದಾಗಿ ಸಿಗುವುದು ಏನೂ ಇಲ್ಲ. ಅವಳು ನೋಡಲಾಗದ ಒಂದೆರಡು ಸಣ್ಣ ಗಳಿಗೆಗಳನ್ನು ಬರೆದು ಕಳಿಸಿದರೆ, ಅವಳ ಮದುವೆಯ ಒಂದು ತುಂಡನ್ನು ಅವಳಿಗೇ ತಲುಪಿಸಿದ ಹಾಗೆ.

ಇದಕ್ಕೆ ಅದೇ ದಿನ ಗುರುತು ಹಾಕಿಕೊಳ್ಳಬೇಕು. ಛತ್ರದಿಂದ ಮನೆಗೆ ಬಂದು ಮಲಗಿ ಎದ್ದರೆ ಸಣ್ಣವೇ ಮೊದಲು ಮರೆಯುವುದು. ನಾನು ಲಗ್ನಪತ್ರಿಕೆಯ ಹಿಂಬದಿಯಲ್ಲೇ ಬರೆದಿಟ್ಟುಕೊಳ್ಳುತ್ತೇನೆ. ವಾಕ್ಯ ಬೇಕಾಗಿಲ್ಲ, ಎರಡೆರಡು ಮಾತು ಸಾಕು. ಈಚೆಗೆ ಗೆಳತಿಯೊಬ್ಬಳ ಮದುವೆ ಮುಗಿಸಿ ಬರುವಾಗ ಬಸ್ಸಿನಲ್ಲಿ ಹೀಗೆ ಗೀಚಿದ್ದೆ: ಬೆಲ್ಲ, ಬಲಗೈ. ಅಜ್ಜಿ, ಅಕ್ಷತೆ, ಹುಡುಗ. ತಮ್ಮ, ಓಲಗದವರು. ಅಪ್ಪ, ನಲ್ಲಿ. ಈ ನಾಲ್ಕರಲ್ಲಿ ಮೂರು ಕಾಗದಕ್ಕೆ ಹೋದವು, ಒಂದು ಹೋಗಲಿಲ್ಲ. ಬರೆದದ್ದು ಇಷ್ಟು:

‘ಪ್ರೀತಿಯ ಗೆಳತಿ, ಮೊನ್ನೆಯ ದಿನ ನನ್ನನ್ನು ಬಂದವಳ ಹಾಗೆ ನೋಡದೆ ಮನೆಯವಳ ಹಾಗೆ ಓಡಾಡಿಸಿದಿರಲ್ಲ, ಅದರ ಸಂತೋಷ ಇನ್ನೂ ಇಳಿದಿಲ್ಲ. ಅಂತರಪಟ ಹಿಡಿದಾಗ ನೂಕುನುಗ್ಗಲಿನಲ್ಲಿ ನಾನು ನಿನ್ನವರ ಕಡೆ ಸಿಕ್ಕಿಬಿದ್ದಿದ್ದೆ. ನಿನಗೆ ಕಂಡದ್ದು ಬಿಳಿ ಬಟ್ಟೆ ಮಾತ್ರ. ಈ ಕಡೆ ಅವರು ಜೀರಿಗೆ ಬೆಲ್ಲವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬೆಲ್ಲ ಕರಗಿ ಮಣಿಕಟ್ಟಿನವರೆಗೂ ಇಳಿದಿತ್ತು. ಅವರಕ್ಕ ಒರೆಸಲು ಕರ್ಚೀಫು ಕೊಟ್ಟರೂ ತೆಗೆದುಕೊಳ್ಳಲಿಲ್ಲ, “ಬೇಡ ಅಕ್ಕ, ಬಿಟ್ಟರೆ ಬಿದ್ದುಹೋಗುತ್ತೆ” ಅಂದರು.

ಗಟ್ಟಿಮೇಳ ಆದಾಗ ಎಲ್ಲರೂ ಕೂತಲ್ಲಿಂದಲೇ ಅಕ್ಷತೆ ಹಾಕಿದರು. ನಿಮ್ಮಜ್ಜಿ ಮಾತ್ರ ಹಾಕಲಿಲ್ಲ, ಮುಷ್ಟಿ ಬಿಚ್ಚಲೇ ಇಲ್ಲ. ಜನ ಕರಗಿದ ಮೇಲೆ ಪಕ್ಕದಲ್ಲಿ ಆಡುತ್ತಿದ್ದ ಹುಡುಗನನ್ನು ಕರೆದು ಅವನ ಅಂಗೈಗೆ ಸುರಿದು, “ನನ್ನ ಕೈಯಿಂದ ಎಸೆದರೆ ಅಲ್ಲಿಗೆ ಮುಟ್ಟಲ್ಲ ಮಗಾ, ನೀನು ಹೋಗಿ ಅವಳ ತಲೆ ಮೇಲೇ ಹಾಕು” ಅಂದರು. ಹೋಮದ ಹೊತ್ತಿಗೆ ಬಂದು ನಿನ್ನ ತಲೆ ಮುಟ್ಟಿ ಓಡಿದ ಹಸಿರು ಅಂಗಿಯ ಹುಡುಗ ಯಾರೆಂದು ನೀನು ಕೇಳಿದೆಯಲ್ಲ, ಅವನೇ.

ಇನ್ನು ನಿನ್ನ ತಮ್ಮ. ಓಲಗದವರು ಊಟಕ್ಕೆ ಕೂತಾಗ ಕೊನೆಯ ಪಂಕ್ತಿ. ಹೋಳಿಗೆ ಮುಗಿಯುವುದೆಂದು ಮೊದಲೇ ತಿಳಿದು ಅವನು ಒಂದು ಬುಟ್ಟಿಯನ್ನು ಎಲೆ ಮುಚ್ಚಿ ತೆಗೆದಿಟ್ಟಿದ್ದ. ತಾನೇ ತುಪ್ಪ ಹಿಡಿದು ನಿಂತು ಬಡಿಸಿದ. ನಿಮ್ಮ ಮನೆಯಲ್ಲಿ ಬೆಳೆದ ಹುಡುಗ ಅನ್ನಿಸಿತು. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.’

ಒಂದೊಂದು ಗಳಿಗೆಯಲ್ಲೂ ಒಬ್ಬರೇ ವ್ಯಕ್ತಿ, ಒಂದೇ ಕೆಲಸ, ಸಾಧ್ಯವಾದರೆ ಅವರ ಬಾಯಿಂದ ಬಂದ ಒಂದೇ ಮಾತು ಇದೆ. ‘ನಿನ್ನವರು ತುಂಬ ಭಾವುಕರಾಗಿದ್ದರು’ ಎಂದು ಬರೆದಿದ್ದರೆ ಅದು ನನ್ನ ಊಹೆ ಆಗುತ್ತಿತ್ತು. ಕರಗಿದ ಬೆಲ್ಲ ನಾನು ಕಂಡದ್ದು, ಮಿಕ್ಕಿದ್ದನ್ನು ಅವಳೇ ತಿಳಿದುಕೊಳ್ಳುತ್ತಾಳೆ. ಮಾತನ್ನು ಕೇಳಿದ ಹಾಗೆಯೇ ಬರೆಯಬೇಕು. ‘ಮುಟ್ಟಲ್ಲ ಮಗಾ’ ಎಂಬುದನ್ನು ತಿದ್ದಿ ಗ್ರಾಂಥಿಕ ಮಾಡಿದರೆ ಅಜ್ಜಿ ಅಲ್ಲಿಂದ ಎದ್ದುಹೋಗುತ್ತಾರೆ. ಮೂವರಲ್ಲಿ ಒಬ್ಬರಾದರೂ ಗಂಡಿನ ಕಡೆಯವರಾಗಿರಲಿ ಎಂದು ಬೇಕೆಂದೇ ನೋಡಿಕೊಂಡೆ. ಹೊಸ ಮನೆಯಲ್ಲಿ ಆ ಕಾಗದವನ್ನು ಇಬ್ಬರೂ ಕೂತು ಓದುವಾಗ ಒಬ್ಬರು ಹೊರಗಿನವರಾಗಬಾರದು.

ಧನ್ಯವಾದ ಎಂಬ ಮಾತು ಇಲ್ಲಿ ಎಲ್ಲೂ ಬಂದಿಲ್ಲ. ಆಪ್ತರ ನಡುವೆ ಅದನ್ನು ಬರೆದರೆ ದೂರದವರಿಗೆ ಹೇಳಿದ ಹಾಗೆ ಕೇಳುತ್ತದೆ. ಮೊದಲ ಸಾಲಿನಲ್ಲಿ ಯಾವುದಕ್ಕೆ ಸಂತೋಷ ಎಂಬುದನ್ನು ಖಚಿತವಾಗಿ ಹೇಳಿದರೆ ಕೃತಜ್ಞತೆ ಅಲ್ಲೇ ಸಂದಿತು.

ಬಿಟ್ಟದ್ದು ಅಪ್ಪನ ಗಳಿಗೆ. ಧಾರೆ ಎರೆದ ಮೇಲೆ ಅವರು ಯಾರಿಗೂ ಹೇಳದೆ ಕೈತೊಳೆಯುವ ಜಾಗಕ್ಕೆ ಹೋಗಿ, ನಲ್ಲಿ ತಿರುಗಿಸಿ ಮುಖ ತೊಳೆಯುತ್ತಲೇ ಇದ್ದರು. ಅವಳ ಚಿಕ್ಕಮ್ಮ ಟವೆಲ್ಲು ಹಿಡಿದು ಮಾತಾಡದೆ ಪಕ್ಕದಲ್ಲಿ ನಿಂತಿದ್ದರು. ಮೂರಕ್ಕಿಂತ ಇದೇ ಹೆಚ್ಚಿನದು. ಆದರೆ ಮದುವೆಯ ಕಾಗದ ಒಬ್ಬಳ ಕೈಯಲ್ಲಿ ನಿಲ್ಲುವುದಿಲ್ಲ. ಅತ್ತೆ ಓದುತ್ತಾರೆ, ನಾದಿನಿ ಓದುತ್ತಾಳೆ. ಯಾರಿಗೂ ಕಾಣಬಾರದೆಂದು ಒಬ್ಬರು ಮರೆಗೆ ಹೋಗಿ ಮಾಡಿದ್ದನ್ನು ಬರೆದು ಊರಿಗೆ ಹಂಚುವುದು ಸರಿಯಲ್ಲ. ಅದು ಎದುರು ಬದುರು ಕೂತಾಗ ಹೇಳುವ ಮಾತು. ತಮ್ಮನ ಹೋಳಿಗೆಯ ವಿಷಯವೂ ಸ್ವಲ್ಪ ಸೂಕ್ಷ್ಮದ್ದೇ. ‘ಹೋಳಿಗೆ ಕಡಿಮೆ ಬಿತ್ತು’ ಎಂದು ಶುರುಮಾಡಿದ್ದರೆ ಹೆಣ್ಣಿನ ಮನೆಯವರ ಏರ್ಪಾಡಿನ ಮೇಲೆ ದೂರಾಗುತ್ತಿತ್ತು. ಬೀಗರ ನಡುವಿನ ಸಣ್ಣ ಮನಸ್ತಾಪ, ಮುಹೂರ್ತ ತಡವಾದದ್ದು, ಯಾರೋ ಮುನಿಸಿಕೊಂಡು ಊಟ ಬಿಟ್ಟದ್ದು, ಇವನ್ನು ತಮಾಷೆಗೂ ಬರೆಯಬಾರದು. ನೀವು ಕೊಟ್ಟ ಉಡುಗೊರೆ ಹಿಡಿಸಿತೇ ಎಂದು ಕೇಳುವುದೂ ಬೇಡ, ಫೋಟೋ ಕಳಿಸು ಎನ್ನುವುದೂ ಬೇಡ. ಅವೆರಡೂ ಬಂದರೆ ಕಾಗದ ಅವಳಿಂದ ಏನೋ ಕೇಳಿದಂತಾಗುತ್ತದೆ.

ಯಾವಾಗ ಕಳಿಸಬೇಕು ಎಂಬುದಕ್ಕೂ ಲೆಕ್ಕ ಇದೆ. ಮದುವೆಯಾದ ಮೊದಲ ವಾರ ಬೀಗರ ಊಟ, ಮನೆದೇವರ ದರ್ಶನ, ನೆಂಟರ ಮನೆಯ ಔತಣ ಎಂದು ಅವರು ಒಂದು ಕಡೆ ಕೂರುವುದಿಲ್ಲ. ಹತ್ತು ಹದಿನೈದು ದಿನ ಬಿಟ್ಟು ಬರೆದರೆ ಗಲಾಟೆ ಇಳಿದಿರುತ್ತದೆ, ನಿಮ್ಮ ನೆನಪೂ ಮಾಸಿರುವುದಿಲ್ಲ. ಮೊಬೈಲಿನಲ್ಲಿ ಕಳಿಸುವುದಾದರೂ ಅಡ್ಡಿಯಿಲ್ಲ. ಗುಂಪಿನ ಶುಭಾಶಯಗಳ ರಾಶಿಗೆ ಹಾಕದೆ ಅವಳೊಬ್ಬಳಿಗೇ ಕಳಿಸಿ. ಕಾಗದವೇ ಆದರೆ ಅಂಚೆಯ ಇನ್‌ಲ್ಯಾಂಡ್ ಪತ್ರ ಸಾಕು. ಮೂರು ಮಡಿಕೆಯಲ್ಲಿ ಮೂರು ಗಳಿಗೆ ಸರಿಯಾಗಿ ಹಿಡಿಯುತ್ತವೆ, ಅದಕ್ಕಿಂತ ಉದ್ದ ಬರೆಯಲು ಅದೇ ಬಿಡುವುದಿಲ್ಲ.

ವಿಳಾಸ ಬರೆಯುವಾಗ ಒಂದು ವಿಷಯ ನೋಡಿಕೊಳ್ಳಿ. ಜ್ಯೇಷ್ಠದಲ್ಲಿ ಮದುವೆಯಾದರೆ ಕಾಗದ ತಲುಪುವ ಹೊತ್ತಿಗೆ ಆಷಾಢ ಹಿಡಿದಿರಬಹುದು. ನಮ್ಮ ಕಡೆ ಅನೇಕ ಮನೆಗಳಲ್ಲಿ ಆ ತಿಂಗಳು ಹೊಸ ಸೊಸೆ ತವರಿಗೆ ಹೋಗುತ್ತಾಳೆ. ಹಾಗಾದಾಗ ನಾನು ತವರಿನ ವಿಳಾಸಕ್ಕೇ ಹಾಕುತ್ತೇನೆ, ಮೇಲೆ ಇಬ್ಬರ ಹೆಸರನ್ನೂ ಬರೆದು. ಅಜ್ಜಿ ಇರುವುದೂ ಆ ಮನೆಯಲ್ಲೇ.