ಬೆಣ್ಣೆಯೊಳಗಿನ ನೀರಿಗೆ ಕೊಟ್ಟ ದುಡ್ಡು

ತಿಪಟೂರಿನ ನಮ್ಮ ಬೀದಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಸಂತೆಯಿಂದ ಬೆಣ್ಣೆ ತಂದು, ಮನೆಯಲ್ಲೇ ತುಪ್ಪ ಕಾಯಿಸಿ, ಹಬ್ಬ ಹತ್ತಿರವಾದಾಗ ಅಕ್ಕಪಕ್ಕದವರಿಗೆ ಮಾರುತ್ತಾರೆ. ಹೋದ ದೀಪಾವಳಿಗೆ 20 ಕಿಲೋ ಕೊಟ್ಟರು. ಬೆಣ್ಣೆ ಕಿಲೋಗೆ 540 ರೂಪಾಯಿ ಬಿದ್ದಿತ್ತು. ಕಾಯಿಸುವಾಗ ನೂರಕ್ಕೆ ಇಪ್ಪತ್ತು ಹೋಗುತ್ತದೆ ಎಂದು ಅವರ ಅತ್ತೆ ಹೇಳಿಕೊಟ್ಟಿದ್ದರು. 540ಕ್ಕೆ ಅದರ ನೂರಕ್ಕೆ ಇಪ್ಪತ್ತು, ಅಂದರೆ 108 ಸೇರಿಸಿ 648 ಎಂದು ಲೆಕ್ಕ ಹಾಕಿ, 680ಕ್ಕೆ ಮಾರಿದರು. ಕಿಲೋಗೆ 32 ರೂಪಾಯಿಯಂತೆ 640 ರೂಪಾಯಿ ಉಳಿಯಬೇಕಿತ್ತು. ಹಬ್ಬ ಮುಗಿದ ಮೇಲೆ ಡಬ್ಬಿ ತೆಗೆದು ಎಣಿಸಿದರೆ, ಉಳಿಯುವ ಮಾತಿರಲಿ, ಹಾಕಿದ ದುಡ್ಡೇ ಪೂರ್ತಿ ಬಂದಿರಲಿಲ್ಲ.

"ಗಸಿ ಜಾಸ್ತಿ ಆಗಿಬಿಟ್ಟಿದೆ, ಅದಕ್ಕೇ ಹೀಗೆ" ಎಂದರು ಅಕ್ಕ. ಗಸಿ ಎಂದರೆ ತುಪ್ಪ ಸೋಸಿದ ಮೇಲೆ ತಳದಲ್ಲಿ ಉಳಿಯುವ ಕಂದು ಚೂರು. ನನಗೆ ಅದು ಸರಿ ಅನ್ನಿಸಲಿಲ್ಲ. ಮುಂದಿನ ಸಂತೆಯ ಬೆಣ್ಣೆಯನ್ನು ಇಬ್ಬರೂ ಕೂತು ಹೆಜ್ಜೆಹೆಜ್ಜೆಗೂ ತೂಗೋಣ ಎಂದೆ. ಒಂದು ಗ್ರಾಂವರೆಗೂ ತೋರಿಸುವ ಅಡುಗೆಮನೆ ತಕ್ಕಡಿ ನಮ್ಮಲ್ಲಿತ್ತು.

ಅಕ್ಕ 2 ಕಿಲೋ ಬೆಣ್ಣೆ ತಂದರು. ದರ ಅದೇ 540, ಕೊಟ್ಟದ್ದು 1,080 ರೂಪಾಯಿ. ಸಂತೆಯಲ್ಲಿ ಬೆಣ್ಣೆ ಉಂಡೆಗಳು ತಣ್ಣೀರಿನ ಪಾತ್ರೆಯಲ್ಲಿ ತೇಲುತ್ತಿರುತ್ತವೆ. ಮಾರುವವರು ಕೈಯಿಂದ ಎತ್ತಿ ಹಾಗೇ ತಕ್ಕಡಿಗೆ ಹಾಕುತ್ತಾರೆ. ಮನೆಗೆ ತಂದ ಉಂಡೆಗಳನ್ನು ಅಗಲ ತಟ್ಟೆಯಲ್ಲಿಟ್ಟು ಅಂಗೈಯಿಂದ ಒತ್ತಿ, ಮಡಿಸಿ, ಮತ್ತೆ ಒತ್ತಿದಾಗ ಸಂದುಗಳಿಂದ ಹನಿಹನಿಯಾಗಿ ನೀರು ಇಳಿಯಿತು. ಅದನ್ನು ಬಸಿದು ತೂಗಿದರೆ ಬೆಣ್ಣೆ 1,930 ಗ್ರಾಂ. ಒಲೆ ಹಚ್ಚುವ ಮೊದಲೇ 70 ಗ್ರಾಂ ಹೋಗಿತ್ತು.

ಆಮೇಲೆ ಖಾಲಿ ಪಾತ್ರೆಯನ್ನು ತೂಗಿ ಬರೆದುಕೊಂಡೆವು. ಇದೊಂದನ್ನು ಮರೆತರೆ ಮುಂದಿನ ಯಾವ ತೂಕವೂ ಲೆಕ್ಕಕ್ಕೆ ಬರುವುದಿಲ್ಲ. ದಪ್ಪ ತಳದ ಪಾತ್ರೆ, ಸಣ್ಣ ಉರಿ. ಬೆಣ್ಣೆ ಕರಗಿದ ಕೂಡಲೇ ಬಿಳಿ ನೊರೆ ಎದ್ದು ದೊಡ್ಡ ಗುಳ್ಳೆಗಳು ಒಡೆಯತೊಡಗಿದವು. ಆ ಹೊತ್ತಿನ ಚಟಪಟ ಸದ್ದೆಲ್ಲ ನೀರಿನದು. ನೀರು ಇರುವಷ್ಟು ಹೊತ್ತು ಪಾತ್ರೆಯ ಶಾಖ ನೀರು ಕುದಿಯುವ ಮಟ್ಟ ಬಿಟ್ಟು ಹೆಚ್ಚು ಮೇಲೇರುವುದಿಲ್ಲ. ಸದ್ದು ಅಡಗುತ್ತ ಬಂದಾಗ ನೀರು ಮುಗಿಯಿತೆಂದು ಅರ್ಥ. ಅಲ್ಲಿಂದ ಶಾಖ ಬೇಗ ಏರುತ್ತದೆ, ನುಣ್ಣನೆಯ ಇನ್ನೊಂದು ನೊರೆ ಬರುತ್ತದೆ, ತಳದ ಮಜ್ಜಿಗೆಯ ಅಂಶ ಹೊಂಬಣ್ಣಕ್ಕೆ ತಿರುಗುತ್ತದೆ, ಘಮ ಮನೆ ತುಂಬುತ್ತದೆ. ಅಕ್ಕ ಆ ಘಮಕ್ಕೇ ಕಾದಿದ್ದವರಂತೆ ಒಲೆ ಆರಿಸಿ, ಒಂದು ವೀಳ್ಯದೆಲೆ ಹಾಕಿದರು.

ಪಾತ್ರೆಯ ತೂಕ ಕಳೆದರೆ ಒಳಗಿದ್ದದ್ದು 1,615 ಗ್ರಾಂ. ಅಂದರೆ 315 ಗ್ರಾಂ ನೀರು ಆವಿಯಾಗಿತ್ತು. ತುಪ್ಪ ಬೆಚ್ಚಗಿರುವಾಗಲೇ ಬಟ್ಟೆಯಲ್ಲಿ ಸೋಸಿದೆವು. ಡಬ್ಬಿಗೆ ಬಂದ ತುಪ್ಪ 1,540 ಗ್ರಾಂ. ಬಟ್ಟೆಯಲ್ಲಿ ಉಳಿದ ಗಸಿ 60 ಗ್ರಾಂ. ಇನ್ನುಳಿದ 15 ಗ್ರಾಂ ಬಟ್ಟೆಗೂ ಪಾತ್ರೆಯ ಅಂಚಿಗೂ ಅಂಟಿಕೊಂಡಿತ್ತು.

ಈಗ ಲೆಕ್ಕ ಒಂದೇ ಸಾಲಿನದು. ಬೆಣ್ಣೆಗೆ ಕೊಟ್ಟ ದುಡ್ಡನ್ನು ಡಬ್ಬಿಗೆ ಬಂದ ತುಪ್ಪದ ತೂಕದಿಂದ ಭಾಗಿಸಬೇಕು.

1,080 ÷ 1.540 = 701

ಕಿಲೋ ತುಪ್ಪಕ್ಕೆ 701 ರೂಪಾಯಿ. ಅಕ್ಕ ಮಾರಿದ್ದು 680ಕ್ಕೆ. ದೀಪಾವಳಿಯ ಬೆಣ್ಣೆಯೂ ಇದೇ ತರಹದ್ದಾಗಿದ್ದರೆ ಕಿಲೋಗೆ 21 ರೂಪಾಯಿ ಕೈಯಿಂದ ಹೋಗಿದೆ, 20 ಕಿಲೋಗೆ 420. ಅವರ ಎರಡು ದಿನದ ದುಡಿಮೆ ಇದರಲ್ಲಿ ಸೇರಿಲ್ಲ.

ತಪ್ಪು ಎರಡು ಕಡೆ ಇತ್ತು. ಮೊದಲನೆಯದು ಲೆಕ್ಕದ ರೀತಿಯದು. ನೂರಕ್ಕೆ ಇಪ್ಪತ್ತು ಹೋಗುತ್ತದೆ ಎಂದರೆ ಒಂದು ಕಿಲೋ ಬೆಣ್ಣೆಯಿಂದ 800 ಗ್ರಾಂ ತುಪ್ಪ ಬರುತ್ತದೆ ಎಂದರ್ಥ. ನಾವು ಕೊಟ್ಟ 540 ರೂಪಾಯಿ ಆ 800 ಗ್ರಾಮಿನ ಬೆಲೆ. ಪೂರ್ತಿ ಒಂದು ಕಿಲೋ ಬೇಕಾದರೆ ಒಂದೂಕಾಲು ಕಿಲೋ ಬೆಣ್ಣೆ ಬೇಕು, ಅದಕ್ಕೆ 675 ರೂಪಾಯಿ. ನೂರಕ್ಕೆ ಇಪ್ಪತ್ತು ಕಳೆದರೆ ಬೆಲೆ ಏರುವುದು ನೂರಕ್ಕೆ ಇಪ್ಪತ್ತೈದು. ಕೂಡಿಸಿದ ಅಕ್ಕನಿಗೂ ಭಾಗಿಸಿದ ಲೆಕ್ಕಕ್ಕೂ ನಡುವೆ ಅಲ್ಲೇ 27 ರೂಪಾಯಿ ವ್ಯತ್ಯಾಸ ಬಂತು. ಮನೆಯಲ್ಲಿ ತುಪ್ಪ ಮಾಡಿ ಮಾರುವ ಹಲವರು ಸೋಲುವುದು ಇಲ್ಲೇ ಎಂದು ನನ್ನ ಅನಿಸಿಕೆ, ಏಕೆಂದರೆ ಕೂಡಿಸುವುದು ಬಾಯಿಲೆಕ್ಕಕ್ಕೆ ಸುಲಭ.

ಎರಡನೆಯದು, ಅಕ್ಕನ ಬೆಣ್ಣೆಯಲ್ಲಿ ಹೋದದ್ದು ಇಪ್ಪತ್ತಲ್ಲ, ಇಪ್ಪತ್ತಮೂರು. ಅದರಲ್ಲಿ ಗಸಿಯ ಪಾಲು ಎಷ್ಟು ನೋಡಿ. ಎರಡು ಕಿಲೋದಲ್ಲಿ ಕಡಿಮೆಯಾದದ್ದು 460 ಗ್ರಾಂ. ಅದರಲ್ಲಿ 385 ಗ್ರಾಂ ನೀರು, ಗಸಿ 60 ಗ್ರಾಂ ಮಾತ್ರ. ಗಸಿ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ಹಾಗಾಗಿ ದೂರೆಲ್ಲ ಅದರ ಮೇಲೆ. ನೀರು ಸದ್ದು ಮಾಡಿ ಹೋಗಿಬಿಡುತ್ತದೆ. ಒಲೆಯ ಮೇಲೆ ಆವಿಯಾದ 315 ಗ್ರಾಂ ಹೇಗೂ ಹೋಗುವಂಥದ್ದು. ಚೆನ್ನಾಗಿ ಒತ್ತಿದ ಬೆಣ್ಣೆಯಲ್ಲೂ ನೂರಕ್ಕೆ ಹದಿನಾರರಷ್ಟು ನೀರು ಇದ್ದೇ ಇರುತ್ತದೆ. ಪ್ಯಾಕೆಟ್ಟಿನಲ್ಲಿ ಮಾರುವ ಟೇಬಲ್ ಬೆಣ್ಣೆಗೆ ನಮ್ಮ ದೇಶದ ಆಹಾರ ನಿಯಮ ಹಾಕಿರುವ ಮಿತಿಯೂ ಅದೇ: ಕೊಬ್ಬು ನೂರಕ್ಕೆ 80ಕ್ಕಿಂತ ಕಡಿಮೆ ಇರಬಾರದು, ನೀರು 16 ದಾಟಬಾರದು. ಆದರೆ ಒತ್ತಿದಾಗಲೇ ಇಳಿದ ಆ 70 ಗ್ರಾಂ ಬೆಣ್ಣೆಯದಲ್ಲ, ತೊಳೆದ ನೀರು. 1,930 ಗ್ರಾಮಿಗಷ್ಟೇ ದುಡ್ಡು ಕೊಟ್ಟಿದ್ದರೆ ತುಪ್ಪ ಕಿಲೋಗೆ 677ಕ್ಕೆ ಬೀಳುತ್ತಿತ್ತು. ಕಿಲೋ ತುಪ್ಪದ ಬೆಲೆಯಲ್ಲಿ 24 ರೂಪಾಯಿ ತಣ್ಣೀರಿಗೆ ಹೋಗಿತ್ತು.

ಹಾಗೆಂದು ಗಸಿಯನ್ನು ಕಡೆಗಣಿಸಬೇಕಿಲ್ಲ. ಬಟ್ಟೆಯಲ್ಲಿ ಉಳಿದ ಗಸಿಯ ತೂಕದಲ್ಲಿ ಅರ್ಧದಷ್ಟು ತುಪ್ಪವೇ ಇರಬಹುದು. ತುಪ್ಪ ಆರಿದ ಮೇಲೆ ಸೋಸಿದರೆ ಇನ್ನೂ ಹೆಚ್ಚು ಅಂಟಿಕೊಂಡಿರುತ್ತದೆ. ನಾವು ಆ 60 ಗ್ರಾಮಿಗೆ ಒಂದು ಲೋಟ ನೀರು ಹಾಕಿ ಕುದಿಸಿ, ಬಟ್ಟಲಿಗೆ ಸೋಸಿ ಫ್ರಿಜ್‌ನಲ್ಲಿಟ್ಟೆವು. ಬೆಳಿಗ್ಗೆ ನೋಡಿದರೆ ನೀರಿನ ಮೇಲೆ ತುಪ್ಪ ಬಿಲ್ಲೆಯಾಗಿ ಕಟ್ಟಿತ್ತು. ಎತ್ತಿ, ಸದ್ದು ನಿಲ್ಲುವವರೆಗೆ ಮತ್ತೆ ಕಾಯಿಸಿದಾಗ 22 ಗ್ರಾಂ ಸಿಕ್ಕಿತು. ಅದನ್ನು ಸೇರಿಸಿಕೊಂಡರೆ ಒಟ್ಟು ತುಪ್ಪ 1,562 ಗ್ರಾಂ, ಕಿಲೋಗೆ 691 ರೂಪಾಯಿ. ಹತ್ತು ರೂಪಾಯಿ ಇಳಿಯಿತು. ಹೀಗೆ ತೆಗೆದ ತುಪ್ಪದ ಘಮ ಕಡಿಮೆ, ಮಾರುವ ಡಬ್ಬಿಗೆ ಬೆರೆಸದೆ ಮನೆಯ ಒಗ್ಗರಣೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಮನೆಮಟ್ಟಿಗೆ ಕಾಯಿಸುವವರಾದರೆ ಗಸಿಗೆ ಬೆಲ್ಲ, ಹುರಿದ ಗೋಧಿ ಹಿಟ್ಟು ಕಲಸಿ ಉಂಡೆ ಕಟ್ಟಿದರೂ, ಕಾಯಿಸಿದ ಪಾತ್ರೆಗೆ ಬಿಸಿ ಅನ್ನ ಹಾಕಿ ಉಪ್ಪು ಉದುರಿಸಿ ಕಲಸಿದರೂ ಏನೂ ಹಾಳಾಗುವುದಿಲ್ಲ.

ಗ್ಯಾಸಿನ ಖರ್ಚು ಎಷ್ಟು ಎಂದು ಹಲವರು ಕೇಳುತ್ತಾರೆ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಗೆ ನೂರು ಗ್ರಾಂ ಗ್ಯಾಸ್ ಉರಿಯಿತೆಂದು ಧಾರಾಳವಾಗಿಯೇ ಹಿಡಿಯೋಣ. 14.2 ಕಿಲೋ ಸಿಲಿಂಡರಿಗೆ 900 ರೂಪಾಯಿ ಎಂದುಕೊಂಡರೂ ಆರೂವರೆ ರೂಪಾಯಿ ದಾಟುವುದಿಲ್ಲ, ಕಿಲೋ ತುಪ್ಪಕ್ಕೆ ನಾಲ್ಕು ರೂಪಾಯಿ ಅಷ್ಟೇ. ಅದನ್ನು ಉಳಿಸಲು ಬೇಗ ಇಳಿಸುವುದು ದೊಡ್ಡ ತಪ್ಪು. ಬೇಗ ಇಳಿಸಿದ ತುಪ್ಪದಲ್ಲಿ ನೀರು ಉಳಿಯುತ್ತದೆ, ತೂಕ ಹೆಚ್ಚು ತೋರಿಸುತ್ತದೆ, ಲೆಕ್ಕ ಚೆನ್ನಾಗಿ ಕಾಣುತ್ತದೆ, ಆದರೆ ಕೆಲವೇ ವಾರಗಳಲ್ಲಿ ವಾಸನೆ ತಿರುಗುತ್ತದೆ. ಸಂತೆಯ ಬೆಣ್ಣೆಯಿಂದ ಕಿಲೋಗೆ 850 ಗ್ರಾಂ ಮೀರಿ ತುಪ್ಪ ಬಂದರೆ ಸಂತೋಷಪಡುವ ಮೊದಲು ಒಂದು ಚಮಚ ತುಪ್ಪವನ್ನು ಕಾದ ಸೌಟಿಗೆ ಹಾಕಿ ನೋಡಿ. ಚಟಪಟ ಎಂದರೆ ನೀರು ಇನ್ನೂ ಇದೆ, ಮತ್ತೆ ಒಲೆಗೆ ಇಡಬೇಕು. ಇನ್ನೊಂದು ತುದಿಯಲ್ಲಿ, ಗಸಿ ಕಪ್ಪಾಗುವವರೆಗೆ ಬಿಟ್ಟರೆ ತೂಕವೇನೂ ಹೆಚ್ಚು ಇಳಿಯುವುದಿಲ್ಲ, ತುಪ್ಪ ಕಹಿಯಾಗುತ್ತದೆ. ಆಗ ನಷ್ಟ ಗ್ರಾಮಿನದಲ್ಲ, ಇಡೀ ಪಾತ್ರೆಯದು.

ಅಂಗಡಿಯ ಬೆಲೆಯೊಂದಿಗೆ ಹೋಲಿಸುವಾಗ ಇನ್ನೊಂದು ಎಡವಟ್ಟಿದೆ. ಅಕ್ಕನ ಮಗ ಬಂದು, "ಅಂಗಡಿಯಲ್ಲಿ ಲೀಟರಿಗೆ 650 ಇದೆಯಲ್ಲಮ್ಮ, ನಿಂದು 701 ಯಾರು ತಗೋತಾರೆ?" ಎಂದ. ತುಪ್ಪ ನೀರಿಗಿಂತ ಹಗುರ, ಒಂದು ಲೀಟರ್ ತೂಗಿದರೆ ಸುಮಾರು 910 ಗ್ರಾಂ. 650ನ್ನು 0.91ರಿಂದ ಭಾಗಿಸಿದರೆ ಕಿಲೋಗೆ 714 ರೂಪಾಯಿ. ಅಕ್ಕನ ತುಪ್ಪವನ್ನೇ ಲೀಟರಿನಲ್ಲಿ ಅಳೆದರೆ 638. ಪ್ಯಾಕೆಟ್ಟಿನ ಮೇಲೆ ಲೀಟರ್ ಎಂದಿದೆಯೋ ಕಿಲೋ ಎಂದಿದೆಯೋ ನೋಡದೆ ಬೆಲೆ ಹೋಲಿಸಬಾರದು.

ಬೇರೆ ಬೆಣ್ಣೆ ಕೊಂಡರೆ ಅಂಕಿ ಬದಲಾಗುತ್ತದೆ. ಉಪ್ಪು ಹಾಕಿದ ಬೆಣ್ಣೆಯಾದರೆ ಉಪ್ಪೂ ಗಸಿಗೇ ಸೇರುತ್ತದೆ. ಮಜ್ಜಿಗೆ ಹೋಗುವಂತೆ ತೊಳೆಯದ ಬೆಣ್ಣೆಯಲ್ಲಿ ಗಸಿ ಹೆಚ್ಚು, ತಳ ಹಿಡಿಯುವುದೂ ಬೇಗ. ಹಾಗಾಗಿ ಹೊಸಬರ ಹತ್ತಿರ ಹೆಚ್ಚು ಬೆಣ್ಣೆ ಕೊಳ್ಳುವ ಮೊದಲು 200 ಗ್ರಾಂ ತಂದು ಕಾಯಿಸಿ ತೂಗುವುದು ಮೇಲು. ನಾವು ಹಾಗೆ ಮಾಡಿದೆವು. ಇನ್ನೊಬ್ಬರ ಬೆಣ್ಣೆ ಕಿಲೋಗೆ 510 ಇತ್ತು, 30 ರೂಪಾಯಿ ಅಗ್ಗ. 200 ಗ್ರಾಮಿಗೆ ಬಂದ ತುಪ್ಪ 142 ಗ್ರಾಂ. 510ನ್ನು 0.71ರಿಂದ ಭಾಗಿಸಿದಾಗ ತುಪ್ಪ ಕಿಲೋಗೆ 718. ಅಗ್ಗದ ಬೆಣ್ಣೆಯೇ ದುಬಾರಿಯಾಗಿತ್ತು.

ಅಕ್ಕ ಹಳೆಯ ಅಜ್ಜಿಯ ಹತ್ತಿರವೇ ಹೋದರು. ದರಕ್ಕೆ ಚೌಕಾಸಿ ಮಾಡಲಿಲ್ಲ. "ಅಜ್ಜಿ, ಸ್ವಲ್ಪ ಒತ್ತಿ ನೀರು ಬಸಿದು ತೂಗಿ" ಎಂದಷ್ಟೇ ಕೇಳಿದರು. ಅಜ್ಜಿ ಒಮ್ಮೆ ಅವರ ಮುಖ ನೋಡಿ, ಉಂಡೆಗಳನ್ನು ಅಂಗೈಯಲ್ಲಿ ಒತ್ತಿ ತಕ್ಕಡಿಗೆ ಹಾಕಿದರು. ಆ ದಿನದ 2 ಕಿಲೋದಿಂದ 1,600 ಗ್ರಾಂ ತುಪ್ಪ ಬಂತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಕೆಳಗೆ ಅಕ್ಕ ಬರೆದಿಟ್ಟಿರುವ ಅಂಕಿ 675.